ಕಾಕಾನ 18 ಸಾವಿರ ಎಲ್ಲಿ ಹೋಯಿತು?

ನಮ್ಮ ಕಾಕಾಗೆ ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ಸೀರೆ ಅಂಗಡಿ ಇದೆ. ಇಳಕಲ್, ಬೆಟಗೇರಿ, ಒಂದಿಷ್ಟು ಸೂರತ್ ಮಾಲು. ಭಾನುವಾರ ಸಂಜೆ ಗಿರಾಕಿ ಕಡಿಮೆ ಇದ್ದಾಗ ನಾನು ಧಾರವಾಡದಿಂದ ಬಸ್ ಹಿಡಿದು ಹೋಗಿ ಅಲ್ಲಿ ಕೂರುತ್ತೇನೆ. ಗಿರಮಿಟ್ ಬರುತ್ತದೆ, ಮಿರ್ಚಿ ಬರುತ್ತದೆ, ಚಹಾ ಬರುತ್ತದೆ. ಕಾಕಾನ ಮಗಳು, ಅಂದರೆ ನನ್ನ ತಂಗಿ, ಅಮೆರಿಕದಲ್ಲಿ ಓದುತ್ತಿದ್ದಾಳೆ. ಹೀಗಾಗಿ ಈಗೀಗ ಅಂಗಡಿಯಲ್ಲಿ ಸೀರೆ ಮಾತಿಗಿಂತ ಡಾಲರ್ ಮಾತೇ ಜಾಸ್ತಿ.

ಹೋದ ಸಲ ಕಾಕಾ ಮುಂದಿನ ವರ್ಷದ ಫೀಸಿನ ಲೆಕ್ಕ ಹಾಕಿಟ್ಟುಕೊಂಡು ಕೂತಿದ್ದ. ಫೀಸು 18,000 ಡಾಲರ್. ಲೆಕ್ಕ ಸುಲಭವಾಗಲಿ ಅಂತ ಡಾಲರಿಗೆ 90 ರೂಪಾಯಿ ಹಿಡಿದಿದ್ದ. ಒಟ್ಟು 16,20,000. ಟಿವಿಯಲ್ಲಿ ಯಾರೋ 'ಪರಿಸ್ಥಿತಿ ಕೆಟ್ಟರೆ ರೂಪಾಯಿ 10 ಪರ್ಸೆಂಟ್ ಬೀಳಬಹುದು' ಅಂದಿದ್ದರಂತೆ. ಸರಿ, ವ್ಯಾಪಾರಸ್ಥ ಮನುಷ್ಯ, ಕೆಟ್ಟ ಕಾಲಕ್ಕೆ ಅಂತ ಮೇಲೆ 10 ಪರ್ಸೆಂಟ್ ಸೇರಿಸಿದ. 1,62,000. ಎರಡೂ ಕೂಡಿದರೆ 17,82,000. ಅಷ್ಟನ್ನು ಬೇರೆ ಎತ್ತಿಟ್ಟು ಎಫ್‌ಡಿ ಮಾಡುವುದು ಅಂತ ತೀರ್ಮಾನವಾಗಿತ್ತು.

"18 ಸಾವಿರ ಕಡಿಮೆ ಬೀಳ್ತಾವ ಕಾಕಾ," ಅಂದೆ.

"ಯಾಕೋ? ಹತ್ತು ಪರ್ಸೆಂಟ್ ಬಿದ್ರ ಹತ್ತು ಪರ್ಸೆಂಟ್ ಜಾಸ್ತಿ ಕೊಟ್ರಾತು. ಅದಕ್ಕಿಂತ ಏನೈತಿ?"

ಅಷ್ಟೇ ಅಲ್ಲ. ರೂಪಾಯಿ ನಿಜವಾಗಿಯೂ 10 ಪರ್ಸೆಂಟ್ ಬಿದ್ದರೆ 90ರ ಡಾಲರ್ 99 ಆಗುವುದಿಲ್ಲ, 100 ಆಗುತ್ತದೆ. ಡಾಲರಿಗೆ ಒಂದು ರೂಪಾಯಿ ವ್ಯತ್ಯಾಸ. 18,000 ಡಾಲರಿಗೆ 18,000 ರೂಪಾಯಿ. ಫೀಸು ಕಟ್ಟಲು 18 ಲಕ್ಷ ಬೇಕು, ಕೈಯಲ್ಲಿರುವುದು 17,82,000.

ಕಾಕಾ ಕ್ಯಾಲ್ಕುಲೇಟರ್ ನನ್ನ ಕಡೆ ತಳ್ಳಿದ. ಎಲ್ಲಿ ತೋರಿಸು ಅನ್ನುವ ಹಾಗೆ.

ನಾನು 9,000 ರೂಪಾಯಿ ಇಟ್ಟುಕೊಂಡು ಶುರುಮಾಡಿದೆ. ಡಾಲರ್ 90 ಇದ್ದಾಗ ಈ 9,000ಕ್ಕೆ 100 ಡಾಲರ್ ಬರುತ್ತಿತ್ತು. ಡಾಲರ್ 100 ಆದಾಗ ಅದೇ 9,000ಕ್ಕೆ ಬರುವುದು 90 ಡಾಲರ್. ನೂರರಲ್ಲಿ ಹತ್ತು ಹೋಯಿತು. ರೂಪಾಯಿಯ ಕೊಳ್ಳುವ ಶಕ್ತಿ, ಡಾಲರಿನ ಮಟ್ಟಿಗೆ, ಸರಿಯಾಗಿ 10 ಪರ್ಸೆಂಟ್ ಇಳಿಯಿತು. ಟಿವಿಯವರು ಹೇಳಿದ್ದು ಇದನ್ನೇ ಆದರೆ ಅದರಲ್ಲಿ ತಪ್ಪೇನೂ ಇಲ್ಲ.

ಈಗ ಅದೇ ಘಟನೆಯನ್ನು ಆ ಕಡೆಯಿಂದ ನೋಡಬೇಕು. ತಂಗಿ ಅಲ್ಲಿಂದ 100 ಡಾಲರ್ ಕಳಿಸಿದರೆ ಮೊದಲು 9,000 ರೂಪಾಯಿ ಆಗುತ್ತಿತ್ತು. ಈಗ 10,000 ಆಗುತ್ತದೆ. 9,000ದ ಮೇಲೆ 1,000 ಹೆಚ್ಚಾಯಿತು. ಒಂಬತ್ತರಲ್ಲಿ ಒಂದು. ಪರ್ಸೆಂಟ್ ಲೆಕ್ಕದಲ್ಲಿ 11.11.

ಇಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ. ಎರಡು ಕಡೆಯಿಂದಲೂ ನಾವು ನೋಡಿದ್ದು ಒಂದೇ ಬದಲಾವಣೆ. ಆದರೆ ಬೀಳುವವನ ಲೆಕ್ಕ ದೊಡ್ಡ ಸಂಖ್ಯೆಯಿಂದ ಶುರುವಾಗುತ್ತದೆ: 100 ಇತ್ತು, 90 ಆಯಿತು. ಏರುವವನ ಲೆಕ್ಕ ಸಣ್ಣ ಸಂಖ್ಯೆಯಿಂದ ಶುರುವಾಗುತ್ತದೆ: 90 ಇತ್ತು, 100 ಆಯಿತು. ನಡುವಿನ ಅಂತರ ಎರಡರಲ್ಲೂ 10. ಒಬ್ಬ ಅದನ್ನು 100ರಿಂದ ಭಾಗಿಸುತ್ತಾನೆ, ಇನ್ನೊಬ್ಬ 90ರಿಂದ. ಸಣ್ಣದರಿಂದ ಭಾಗಿಸಿದವನಿಗೆ ದೊಡ್ಡ ಉತ್ತರ ಬರುತ್ತದೆ.

ಕಾಕಾ ಒಪ್ಪಿಕೊಂಡ ಹಾಗೆ ತಲೆ ಆಡಿಸಿದ. ಮುಖ ಮಾತ್ರ ಒಪ್ಪಿರಲಿಲ್ಲ. ಆಗ ನನಗೆ ಎದುರಿಗಿದ್ದ ಸೀರೆ ಕಾಣಿಸಿತು.

"ಈ ಸೀರೆ ಖರೀದಿ 900, ಮಾರಿದ್ದು 1,000 ಅಂತ ಹಿಡಿ. ಎಷ್ಟು ಪರ್ಸೆಂಟ್ ಲಾಭ?"

"ಖರೀದಿ ಮ್ಯಾಲ ಕೇಳ್ತಿಯೋ, ಮಾರಾಟದ ಮ್ಯಾಲ ಕೇಳ್ತಿಯೋ?" ಅಂತ ತಟ್ಟನೆ ಕೇಳಿದ. ಆಮೇಲೆ ಅರ್ಧ ನಿಮಿಷ ಸುಮ್ಮನಾದ. "ಖರೀದಿ ಮ್ಯಾಲ ಹನ್ನೊಂದು ಚಿಲ್ಲರ. ಮಾರಾಟದ ಮ್ಯಾಲ ಹತ್ತು. ಓಹೋ, ಇದು ಅದಾ?"

ಅದೇ ಇದು. ನಲವತ್ತು ವರ್ಷ ಗಲ್ಲಾಪೆಟ್ಟಿಗೆ ಮುಂದೆ ಕೂತವರಿಗೆ ಪರ್ಸೆಂಟ್ ಎಂದರೆ 'ಯಾವುದರ ಮೇಲೆ' ಎಂಬ ಪ್ರಶ್ನೆ ತಾನಾಗೇ ಬರುತ್ತದೆ. ಡಾಲರ್ ವಿಷಯಕ್ಕೆ ಬಂದಾಗ ಮಾತ್ರ ಯಾಕೋ ಆ ಪ್ರಶ್ನೆ ಮರೆತುಹೋಗುತ್ತದೆ. ಸೀರೆಯಲ್ಲಿ ಖರೀದಿ, ಮಾರಾಟ ಎಂದು ಎರಡು ಬೆಲೆ ಕಣ್ಣಿಗೆ ಕಾಣುತ್ತವೆ. ಡಾಲರಿನಲ್ಲಿ ಪೇಪರಿನವರು ಒಂದೇ ಸಂಖ್ಯೆ ಕೊಡುತ್ತಾರೆ. ಅದು ಡಾಲರಿನ ಬೆಲೆ, ರೂಪಾಯಿಯದ್ದಲ್ಲ. ರೂಪಾಯಿಯ ಬೆಲೆ ಬೇಕೆಂದರೆ ಅದನ್ನು ತಲೆಕೆಳಗು ಮಾಡಬೇಕು. ಒಂದು ರೂಪಾಯಿಗೆ ಇಷ್ಟು ಸೆಂಟ್ ಎಂದು ನಾವು ಯಾರೂ ಮಾತಾಡುವುದಿಲ್ಲ ನೋಡಿ.

ಹೀಗೆ ಕಾಕಾಗೆ ಪಾಠ ಹೇಳಿದ ನಾನು ಇದೇ ವಿಷಯದಲ್ಲಿ ಒಮ್ಮೆ ಚೆನ್ನಾಗಿ ಮುಖಭಂಗ ಮಾಡಿಕೊಂಡಿದ್ದೇನೆ. ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಅರ್ಥಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ. ಹಿಂದೊಮ್ಮೆ 1966ರ ಅಪಮೌಲ್ಯದ ಪಾಠ ನಡೆದಿತ್ತು. ಹಾವೇರಿ ಕಡೆಯ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಒಂದು ಪುಸ್ತಕದಾಗ 36.5 ಪರ್ಸೆಂಟ್ ಐತಿ, ಇನ್ನೊಂದ್ರಾಗ 57.5 ಐತಿ. ಯಾವುದು ಖರೆ?" ಎಂದಳು. ನಾನು ಹಿಂದೆ ಮುಂದೆ ನೋಡದೆ, 57.5 ಅಚ್ಚಿನ ತಪ್ಪಿರಬೇಕು, 36.5 ಬರೆದುಕೊಳ್ಳಿ ಎಂದುಬಿಟ್ಟೆ. ರಾತ್ರಿ ಊಟಕ್ಕೆ ಕೂತಾಗ ಮನಸ್ಸು ತಡೆಯಲಿಲ್ಲ. ಎದ್ದು ಹೋಗಿ ಲೆಕ್ಕ ಹಾಕಿದೆ. ಎರಡೂ ಖರೆ.

ಆ ಲೆಕ್ಕ ಇಲ್ಲಿ ಪೂರ್ತಿ ಬಿಡಿಸಿ ಹೇಳುತ್ತೇನೆ. ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ದೇಶದ ಚರಿತ್ರೆಯಲ್ಲಿ ನನಗೆ ಸಿಕ್ಕಿಲ್ಲ.

ಆಗ ದರ ಈಗಿನ ಹಾಗೆ ದಿನಾ ಮೇಲೆ ಕೆಳಗೆ ಆಗುತ್ತಿರಲಿಲ್ಲ. ಸರ್ಕಾರವೇ ನಿಗದಿ ಮಾಡುತ್ತಿತ್ತು. ಇಂದಿರಾ ಗಾಂಧಿ ಪ್ರಧಾನಿಯಾಗಿ ಇನ್ನೂ ಐದು ತಿಂಗಳೂ ಆಗಿರಲಿಲ್ಲ. ಸಚೀಂದ್ರ ಚೌಧುರಿ ಹಣಕಾಸು ಮಂತ್ರಿ. ಎರಡು ಯುದ್ಧ ಆಗಿದ್ದವು, ಮಳೆ ಕೈಕೊಟ್ಟಿತ್ತು, ವಿದೇಶಿ ವಿನಿಮಯ ಬರಿದಾಗಿತ್ತು, ನೆರವು ಕೊಡುವವರ ಒತ್ತಡವೂ ಇತ್ತು. 1966ರ ಜೂನ್ 6ರಿಂದ ಡಾಲರಿನ ಅಧಿಕೃತ ದರ 4.76 ರೂಪಾಯಿಯಿಂದ 7.50 ರೂಪಾಯಿಗೆ ಹೋಯಿತು.

ಡಾಲರಿನ ಕಡೆಯಿಂದ ನೋಡಿ. 4.76 ಇದ್ದದ್ದು 7.50 ಆಯಿತು. ಏರಿಕೆ 57.5 ಪರ್ಸೆಂಟ್. (ದಶಾಂಶ ಪೂರ್ತಿ ಹಾಕುವುದಾದರೆ ಹಳೆಯ ದರ 4.7619. ಬರೀ 4.76 ಹಾಕಿದರೆ ಉತ್ತರ ಒಂದು ಕೂದಲೆಳೆ ಆಚೆ ಹೋಗುತ್ತದೆ.) ರೂಪಾಯಿಯ ಕಡೆಯಿಂದ ನೋಡಿ. ಒಂದು ರೂಪಾಯಿಗೆ 21 ಸೆಂಟ್ ಬರುತ್ತಿತ್ತು, 13.33 ಸೆಂಟ್ ಆಯಿತು. 21ರಲ್ಲಿ 7.67 ಹೋಯಿತು. ಇಳಿಕೆ 36.5 ಪರ್ಸೆಂಟ್.

ಸರ್ಕಾರಿ ಕಾಗದಗಳಲ್ಲಿ 36.5 ಇರುವುದಕ್ಕೆ ಕಾರಣವಿದೆ. ಆ ಕಾಲದಲ್ಲಿ ಪ್ರತಿ ಕರೆನ್ಸಿಯ ಬೆಲೆಯನ್ನೂ ಚಿನ್ನದ ತೂಕದಲ್ಲಿ ಘೋಷಿಸುವ ಪದ್ಧತಿ ಇತ್ತು. ಒಂದು ರೂಪಾಯಿ ಎಂದರೆ ಸುಮಾರು 0.1866 ಗ್ರಾಂ ಚಿನ್ನ ಎಂದು ಲೆಕ್ಕವಿತ್ತು. ಅದನ್ನು 0.1185 ಗ್ರಾಂಗೆ ಇಳಿಸಿದರು. ಇಳಿಸಿದ್ದು ರೂಪಾಯಿಯನ್ನು, ಹೀಗಾಗಿ ಪರ್ಸೆಂಟೂ ರೂಪಾಯಿಯದ್ದೇ. ಆದರೆ ಮುಂಬೈ ಬಂದರಿನಲ್ಲಿ ಯಂತ್ರ ಇಳಿಸಿಕೊಳ್ಳುವವನಿಗೆ ಚಿನ್ನದ ತೂಕ ಕಟ್ಟಿಕೊಂಡು ಏನಾಗಬೇಕು? ಮೊನ್ನೆ 10,000 ಡಾಲರಿನ ಯಂತ್ರಕ್ಕೆ 47,619 ರೂಪಾಯಿ ಕೊಡಬೇಕಿತ್ತು, ಇವತ್ತು 75,000. ಅವನ ಬಾಯಲ್ಲಿ ಬರುವುದು 57.5. ವಿದೇಶಿ ಸಾಲದ ಬಾಬತ್ತೂ ಹೀಗೇ. ಡಾಲರಿನಲ್ಲಿ ಒಂದು ಸೆಂಟೂ ಹೆಚ್ಚಾಗದೆ ರೂಪಾಯಿ ಪುಸ್ತಕದಲ್ಲಿ ಸಾಲ ಅರ್ಧಕ್ಕಿಂತ ಜಾಸ್ತಿ ಉಬ್ಬಿತು. ರಫ್ತು ಮಾಡುವವನಿಗೆ ಅಷ್ಟೇ ಲಾಭ ಬರಬೇಕಿತ್ತು. ಬರಲಿಲ್ಲ. ಅದೇ ಹೊತ್ತಿಗೆ ರಫ್ತಿನ ಪ್ರೋತ್ಸಾಹಗಳನ್ನು ಹಿಂತೆಗೆದುಕೊಂಡರು, ಸೆಣಬು, ಚಹಾದಂಥ ಸರಕಿಗೆ ರಫ್ತು ಸುಂಕ ಹಾಕಿದರು. ಅದು ಬೇರೆ ಕಥೆ.

ಆ ರಾತ್ರಿ ನನಗೆ ನಿಜವಾಗಿ ಮಜಾ ಕೊಟ್ಟದ್ದು ಇನ್ನೊಂದು ಸಂಗತಿ. ಡಾಲರ್ ಬಿಟ್ಟು ಪೌಂಡಿನ ದರ ನೋಡಿದೆ. ಅಪಮೌಲ್ಯಕ್ಕೆ ಮೊದಲು ಒಂದು ಪೌಂಡಿಗೆ 13.33 ರೂಪಾಯಿ. ಆಮೇಲೆ 21 ರೂಪಾಯಿ. ಇನ್ನೊಮ್ಮೆ ಓದಿ. ರೂಪಾಯಿ 21 ಸೆಂಟಿನಿಂದ 13.33 ಸೆಂಟಿಗೆ ಇಳಿಯಿತು. ಪೌಂಡು 13.33 ರೂಪಾಯಿಯಿಂದ 21 ರೂಪಾಯಿಗೆ ಏರಿತು. ಅವೇ ಎರಡು ಸಂಖ್ಯೆಗಳು, ಹಿಂದು ಮುಂದಾಗಿ!

ಆಗ ಒಂದು ಪೌಂಡಿಗೆ 2.80 ಡಾಲರ್, ಅಂದರೆ 280 ಸೆಂಟ್. ಪೌಂಡಿಗೆ ಸಿಗುವ ರೂಪಾಯಿಯನ್ನು ಪ್ರತಿ ರೂಪಾಯಿಯ ಸೆಂಟಿನಿಂದ ಗುಣಿಸಿದರೆ 280 ಬರಲೇಬೇಕು. ಮೊದಲು 13.33 ಗುಣಿಸು 21. ಆಮೇಲೆ 21 ಗುಣಿಸು 13.33. ಹೊಸ ದರ 7.50 ಎಂದು ಆರಿಸಿದ್ದರಿಂದ ಸಂಖ್ಯೆಗಳು ಹೀಗೆ ಅದಲು ಬದಲಾದವು. ಆರಿಸಿದವರಿಗೆ ಇದು ಗೊತ್ತಿತ್ತೋ ಇಲ್ಲವೋ, ನನ್ನಂಥ ಮೇಷ್ಟ್ರಿಗಂತೂ ಬಂಗಾರದಂಥ ಉದಾಹರಣೆ. 21ರಿಂದ 13.33ಕ್ಕೆ ಮೆಟ್ಟಿಲು ಇಳಿದರೆ 36.5 ಪರ್ಸೆಂಟ್. ಅದೇ ಮೆಟ್ಟಿಲನ್ನು 13.33ರಿಂದ 21ಕ್ಕೆ ಹತ್ತಿದರೆ 57.5 ಪರ್ಸೆಂಟ್. ಮೆಟ್ಟಿಲಿನ ಎತ್ತರ ಎರಡು ಸಲವೂ 7.67. ಮರುದಿನ ಬೋರ್ಡಿನ ಮೇಲೆ ಈ ನಾಲ್ಕು ಸಂಖ್ಯೆ ಬರೆದು, ನಿನ್ನೆ ನಾನು ಹೇಳಿದ್ದು ತಪ್ಪು ಎಂದೆ. ಹುಡುಗಿ ನಕ್ಕಳು. ಆಮೇಲೆ, "ಹಂಗಾದ್ರ ಪರೀಕ್ಷಾದಾಗ ಎರಡೂ ಆಪ್ಶನ್ ಇದ್ರ ಯಾವುದಕ್ಕ ಟಿಕ್ ಹಾಕಬೇಕ್ರಿ ಸರ್?" ಎಂದಳು.

ಪ್ರಶ್ನೆಯನ್ನು ಸರಿಯಾಗಿ ಓದು ಎಂದೆ. 'ರೂಪಾಯಿ ಎಷ್ಟು ಅಪಮೌಲ್ಯವಾಯಿತು' ಅಂದರೆ 36.5. 'ಡಾಲರಿನ ರೂಪಾಯಿ ಬೆಲೆ ಎಷ್ಟು ಏರಿತು' ಅಂದರೆ 57.5.

ಪ್ರಶ್ನೆಪತ್ರಿಕೆಯಲ್ಲಿ ಇಷ್ಟು ಸಾಕು. ಪೇಪರು, ಟಿವಿಯಲ್ಲಿ ಸಾಲದು. ಯಾಕೆಂದರೆ ಅಲ್ಲಿ 'ರೂಪಾಯಿ ಕುಸಿತ' ಎಂದು ಬರೆದು ಡಾಲರಿನ ಏರಿಕೆಯ ಪರ್ಸೆಂಟ್ ಕೊಡುವುದು ತೀರಾ ಸಾಮಾನ್ಯ. ಬರೆಯುವವರ ಕಣ್ಣೆದುರು ಇರುವುದು 90 ಮತ್ತು 100. ಹತ್ತು ಹೆಚ್ಚಾಗಿದೆ, ಹಳೆಯದರಿಂದ ಭಾಗಿಸಿದರೆ 11.1. ಶೀರ್ಷಿಕೆ ಸಿದ್ಧ: ರೂಪಾಯಿ 11 ಪರ್ಸೆಂಟ್ ಕುಸಿತ. ಇನ್ನೊಬ್ಬರು ಸರಿಯಾಗಿ ಲೆಕ್ಕ ಹಾಕಿ 10 ಪರ್ಸೆಂಟ್ ಎಂದು ಬರೆಯುತ್ತಾರೆ. ಓದುವವರು ಇಬ್ಬರಲ್ಲಿ ಯಾರೋ ಸುಳ್ಳು ಹೇಳುತ್ತಿದ್ದಾರೆ ಅಂದುಕೊಳ್ಳುತ್ತಾರೆ.

ನಾನು ಮಾಡುವುದು ಇಷ್ಟೇ. ಪರ್ಸೆಂಟ್ ಬಿಟ್ಟು ಎರಡು ದರ ಹುಡುಕುತ್ತೇನೆ. ಹಳೆಯದು, ಹೊಸದು. ಒಂದರಿಂದ ಒಂದು ಕಳೆಯುತ್ತೇನೆ. ಬಂದ ವ್ಯತ್ಯಾಸವನ್ನು ಹಳೆಯ ದರದಿಂದ ಭಾಗಿಸಿದರೆ ಡಾಲರಿನ ಏರಿಕೆ. ಹೊಸ ದರದಿಂದ ಭಾಗಿಸಿದರೆ ರೂಪಾಯಿಯ ಇಳಿಕೆ. ಹೊಸ ದರದಿಂದ ಭಾಗಿಸುವುದು ಮೊದಲ ಸಲ ಕೇಳಿದಾಗ ವಿಚಿತ್ರ ಅನಿಸುತ್ತದೆ, ಬದಲಾವಣೆಯನ್ನು ಯಾವಾಗಲೂ ಹಳೆಯದರ ಮೇಲೆ ತಾನೇ ಅಳೆಯುವುದು? ಹೌದು, ಇಲ್ಲೂ ಹಳೆಯದರ ಮೇಲೇ ಅಳೆಯುತ್ತಿದ್ದೇವೆ. ಆದರೆ ರೂಪಾಯಿಯ ಹಳೆಯ ಬೆಲೆ ತೊಂಬತ್ತರಲ್ಲಿ ಒಂದು ಡಾಲರ್, ಹೊಸ ಬೆಲೆ ನೂರರಲ್ಲಿ ಒಂದು ಡಾಲರ್. ತಲೆಕೆಳಗು ಮಾಡಿದಾಗ ಹಳೆಯದು ಹೊಸದರ ಜಾಗಕ್ಕೆ ಬಂದು ಕೂರುತ್ತದೆ. 9,000 ರೂಪಾಯಿಯ ಉದಾಹರಣೆಯಲ್ಲಿ ಕಂಡದ್ದೂ ಅದೇ.

ಮನಸ್ಸಿನಲ್ಲೇ ಲೆಕ್ಕ ಮಾಡಬೇಕೆಂದರೆ ಪರ್ಸೆಂಟಿಗಿಂತ ಭಾಗಗಳು ಸುಲಭ. ಒಂದು ಕರೆನ್ಸಿ ಹತ್ತರಲ್ಲಿ ಒಂದು ಭಾಗ ಕಳೆದುಕೊಂಡರೆ ಇನ್ನೊಂದು ಒಂಬತ್ತರಲ್ಲಿ ಒಂದು ಭಾಗ ಏರುತ್ತದೆ. ಐದರಲ್ಲಿ ಒಂದು ಹೋದರೆ ನಾಲ್ಕರಲ್ಲಿ ಒಂದು ಏರಿಕೆ, ಅಂದರೆ 20ಕ್ಕೆ 25. ನಾಲ್ಕರಲ್ಲಿ ಒಂದು ಹೋದರೆ ಮೂರರಲ್ಲಿ ಒಂದು. ಅರ್ಧ ಹೋದರೆ ಇನ್ನೊಂದು ಪೂರ್ತಿ ದುಪ್ಪಟ್ಟು. ಕಳೆದುಹೋದದ್ದನ್ನು ಉಳಿದದ್ದರ ಮೇಲೆ ಅಳೆಯಬೇಕು, ಅಷ್ಟೇ ಗುಟ್ಟು. ರೂಪಾಯಿಯೇ ಏರಿದಾಗಲೂ ಸೂತ್ರ ಬದಲಾಗುವುದಿಲ್ಲ. ರೂಪಾಯಿ 10 ಪರ್ಸೆಂಟ್ ಏರಿದರೆ ಡಾಲರ್ ಬೀಳುವುದು ಹನ್ನೊಂದರಲ್ಲಿ ಒಂದು ಭಾಗ, 9.09 ಪರ್ಸೆಂಟ್. ದೊಡ್ಡ ಸಂಖ್ಯೆ ಯಾವಾಗಲೂ ಏರಿದವನ ಪಾಲಿಗೆ. ಅವನು ಅಮೆರಿಕದವನೋ ನಮ್ಮವನೋ ಎಂದು ಗಣಿತ ಕೇಳುವುದಿಲ್ಲ.

ಇದನ್ನು ಓದಿ ದಿನಾ ಬೆಳಿಗ್ಗೆ ಡಾಲರ್ ದರ ಹಿಡಿದುಕೊಂಡು ತಲೆ ಕೆಡಿಸಿಕೊಳ್ಳಬೇಡಿ ಮತ್ತೆ. ಸಣ್ಣ ಬದಲಾವಣೆಯಲ್ಲಿ ಈ ವ್ಯತ್ಯಾಸ ಇದ್ದೂ ಇಲ್ಲದಂತೆ. ರೂಪಾಯಿ 1 ಪರ್ಸೆಂಟ್ ಬಿದ್ದರೆ ಡಾಲರ್ ಏರುವುದು 1.01. ಒಂದೇ ದಿನದ ಏರಿಳಿತ ಸಾಮಾನ್ಯವಾಗಿ ಅಷ್ಟೂ ಇರುವುದಿಲ್ಲ. 5ಕ್ಕೆ 5.26, ಅದೂ ನಡೆದೀತು. ಹತ್ತರ ಮೇಲೆ ದಾರಿ ಕವಲೊಡೆಯುತ್ತದೆ.

ಅರ್ಧ ದಾಟಿದ ಮೇಲಂತೂ ಎರಡು ಸಂಖ್ಯೆಗಳಿಗೆ ನಂಟೇ ಇಲ್ಲವೇನೋ ಅನಿಸುತ್ತದೆ. 2023ರ ಡಿಸೆಂಬರಿನಲ್ಲಿ ಅರ್ಜೆಂಟೀನಾದ ಹೊಸ ಸರ್ಕಾರ ಡಾಲರಿನ ಅಧಿಕೃತ ದರವನ್ನು ಸುಮಾರು 366 ಪೆಸೊದಿಂದ 800 ಪೆಸೊಗೆ ಒಯ್ದಿತು. ಪೆಸೊ ಬಿದ್ದದ್ದು 54 ಪರ್ಸೆಂಟ್. ಡಾಲರ್ ಏರಿದ್ದು 118 ಪರ್ಸೆಂಟ್. ಒಂದೇ ರಾತ್ರಿ, ಒಂದೇ ಘೋಷಣೆ. ಇಲ್ಲೊಂದು ಸುಲಭದ ಪರೀಕ್ಷೆಯೂ ಸಿಗುತ್ತದೆ. ಯಾವ ಕರೆನ್ಸಿಯೂ 100 ಪರ್ಸೆಂಟಿಗಿಂತ ಜಾಸ್ತಿ ಬೀಳಲಾರದು, ಇದ್ದದ್ದೆಲ್ಲ ಹೋದ ಮೇಲೆ ಬೀಳಲು ಏನು ಉಳಿದಿರುತ್ತದೆ? ಹೀಗಾಗಿ 'ಕರೆನ್ಸಿ 118 ಪರ್ಸೆಂಟ್ ಕುಸಿತ' ಎಂದು ಎಲ್ಲಾದರೂ ಕಂಡರೆ ಅದು ಎದುರಿನ ಕರೆನ್ಸಿಯ ಏರಿಕೆ ಎಂದು ಕಣ್ಣು ಮುಚ್ಚಿ ಹೇಳಬಹುದು. ಏರುವುದಕ್ಕೆ ಅಂಥ ಮಿತಿ ಇಲ್ಲ. 90 ಪರ್ಸೆಂಟ್ ಬಿದ್ದ ಕರೆನ್ಸಿಯ ಎದುರು ಡಾಲರ್ 900 ಪರ್ಸೆಂಟ್ ಏರಿರುತ್ತದೆ.

ಮತ್ತೆ ದುರ್ಗದಬೈಲಿಗೆ ಬರೋಣ. ಕಾಕಾ ಇಷ್ಟೆಲ್ಲ ಕೇಳಿಸಿಕೊಂಡು ತಕರಾರು ತೆಗೆದ. "ಟಿವಿಯಾಂವ ಹತ್ತು ಪರ್ಸೆಂಟ್ ಅಂದಾಗ ಡಾಲರ್ ಏರೂದನ್ನ ಲೆಕ್ಕ ಹಾಕಿದ್ನೋ, ರೂಪಾಯಿ ಬೀಳೂದನ್ನ ಲೆಕ್ಕ ಹಾಕಿದ್ನೋ, ನಿನಗೇನು ಗೊತ್ತು?"

ಗೊತ್ತಿಲ್ಲ. ತಕರಾರು ಸರಿಯಾಗಿಯೇ ಇತ್ತು. ಆ ಮನುಷ್ಯ ಮನಸ್ಸಿನಲ್ಲಿ ಡಾಲರ್ 99 ಎಂದು ಇಟ್ಟುಕೊಂಡು ಹೇಳಿದ್ದರೆ ಕಾಕಾನ 17,82,000 ಪೈಸೆ ಪೈಸೆ ಸರಿ, ತಪ್ಪು ನನ್ನದು. 100 ಎಂದು ಇಟ್ಟುಕೊಂಡಿದ್ದರೆ 18 ಸಾವಿರ ಕಡಿಮೆ. ಬರೀ ಪರ್ಸೆಂಟ್ ಕೇಳಿ ಇದನ್ನು ಹೇಳಲು ಸಾಧ್ಯವೇ ಇಲ್ಲ. ಅದರ ಮೇಲೆ, ಟಿವಿಯಲ್ಲಿ ಬರುವ ದರಕ್ಕೂ ಬ್ಯಾಂಕಿನವರು ನಮಗೆ ಡಾಲರ್ ಮಾರುವ ದರಕ್ಕೂ ಅಂತರ ಇರುತ್ತದೆ. ಅದು ಯಾವಾಗಲೂ ನಮಗೆ ಲುಕ್ಸಾನಿನ ಕಡೆಗೇ.

ಕಾಕಾ ವಹಿ ತೆಗೆದು ಹಳೆಯ ಲೆಕ್ಕದ ಮೇಲೆ ಗೀಟು ಎಳೆದ. ಕೆಳಗೆ ಹೊಸದಾಗಿ ಬರೆದ: 18,000 × 100. ಒಂದು ಕ್ಷಣ ಪೆನ್ನು ಹಿಡಿದು ಯೋಚಿಸಿದ. 100ನ್ನು ಹೊಡೆದು 102 ಮಾಡಿದ, ಬ್ಯಾಂಕಿನವರ ಪಾಲು ಅಂತ.

"ಇನ್ ಮ್ಯಾಲೆ ನನ್ನ ಮುಂದ ಪರ್ಸೆಂಟ್ ಮಾತಾಡಬ್ಯಾಡ," ಅಂದ. "ಡಾಲರ್ ಎಷ್ಟಾತು, ಅಷ್ಟ ಹೇಳು."

ಅಷ್ಟರಲ್ಲಿ ಗಿರಾಕಿ ಬಂದರು. ತಾಯಿ, ಮಗಳು. ಮಗಳು ಇಳಕಲ್ ಸೀರೆಯೊಂದನ್ನು ಎತ್ತಿ ಹಿಡಿದು, "ಎಷ್ಟು ಪರ್ಸೆಂಟ್ ಡಿಸ್ಕೌಂಟ್ ಐತ್ರಿ?" ಎಂದು ಕೇಳಿದಳು. ಕಾಕಾ ನನ್ನ ಮುಖ ನೋಡಿದ.